ದುಡ್ಡಿನ ಪಾಲು ಎಷ್ಟು, ವೋಟಿನ ಪಾಲು ಎಷ್ಟು: ಎರಡು ಥರದ ಷೇರಿನಲ್ಲಿ ಯಾವುದನ್ನು ಕೊಳ್ಳಬೇಕು?

2024ರ ಸೆಪ್ಟೆಂಬರಿನ ಒಂದು ಭಾನುವಾರ. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನಮ್ಮ ಶೆಟ್ರು ಗಲ್ಲಾದಿಂದ ಎದ್ದು ಬಂದು ನನ್ನ ಕಾಫಿ ಲೋಟದ ಪಕ್ಕ ಫೋನ್ ಇಟ್ಟರು. "ನೋಡಿ ಮಾರಾಯ್ರೇ, ಸಾವಿರ ಷೇರು ಇತ್ತು. ಈಗ ಆರುನೂರ ಚಿಲ್ಲರೆ ತೋರಿಸ್ತಿದೆ. ಯಾರ ಹತ್ರ ಕೇಳುವುದು?"

ಅವರ ಡಿಮ್ಯಾಟ್ ಖಾತೆಯಲ್ಲಿ ಇದ್ದದ್ದು TATAMTRDVR. ಟಾಟಾ ಮೋಟರ್ಸ್‌ನ 'ಎ' ಸಾಮಾನ್ಯ ಷೇರು. ವೋಟಿನ ಹಕ್ಕು ಬೇರೆ ಇರುವ ಷೇರು, ಪೇಟೆಯಲ್ಲಿ ಎಲ್ಲರೂ ಡಿವಿಆರ್ ಅಂತಲೇ ಕರೆಯುತ್ತಿದ್ದರು. ಅದೇ ಕಂಪನಿಯ ಷೇರು ಅಗ್ಗದಲ್ಲಿ ಸಿಗುತ್ತದೆ, ಡಿವಿಡೆಂಡೂ ಜಾಸ್ತಿ ಅಂತ ಯಾರೋ ಹೇಳಿದ್ದರಂತೆ, ತಗೊಂಡಿದ್ದರು. ಈಗ ಆ ಷೇರೇ ಇಲ್ಲ. ಬದಲಿಗೆ ಮಾಮೂಲಿ ಟಾಟಾ ಮೋಟರ್ಸ್ ಷೇರು ಬಂದು ಕೂತಿದೆ, ಅದೂ ಕಡಿಮೆ ಸಂಖ್ಯೆಯಲ್ಲಿ.

ನಾನು ಫೋರ್ಟಿನ ಒಂದು ಷೇರು ದಲ್ಲಾಳಿ ಕಚೇರಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವನು. ಶೆಟ್ರಿಗೆ ಆವತ್ತು ಬಿಲ್ಲಿನ ಹಿಂದೆ ಗೀಚಿ ತೋರಿಸಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಒಂದೇ ಕಂಪನಿಯ ಎರಡು ಥರದ ಷೇರು ಎದುರಿಗಿದ್ದಾಗ ಯಾವುದನ್ನು ಕೊಳ್ಳಬೇಕು, ಆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಂಪನಿ ನಿಜವಾಗಿ ಯಾರ ಕೈಯಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ ಅನ್ನುವ ಲೆಕ್ಕ ಇದು.

"5% ಜಾಸ್ತಿ" ಅಂದರೆ ಎಷ್ಟು?

ಟಾಟಾ ಮೋಟರ್ಸ್ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತು. 230 ಕೋಟಿ ಡಾಲರಿನ ವ್ಯವಹಾರ. ಅದಕ್ಕೆ ಮಾಡಿದ ಸಾಲ ತೀರಿಸಲು ಹಳೆಯ ಷೇರುದಾರರ ಮುಂದೆ ರೈಟ್ಸ್ ಷೇರು ಇಟ್ಟಿತು, ಎರಡು ಥರದ್ದು. ಸಾಮಾನ್ಯ ಷೇರಿಗೆ 340 ರೂಪಾಯಿ, ಒಂದು ಷೇರಿಗೆ ಒಂದು ವೋಟು. 'ಎ' ಷೇರಿಗೆ 305 ರೂಪಾಯಿ, ಹತ್ತು ಷೇರಿಗೆ ಒಂದು ವೋಟು. ವೋಟು ಕಡಿಮೆ ಆದದ್ದಕ್ಕೆ ಬದಲಾಗಿ 5% ಜಾಸ್ತಿ ಡಿವಿಡೆಂಡ್.

ಜನ ಮೋಸ ಹೋಗುವುದು ಈ 5%ರಲ್ಲೇ. ಅದು ಪೇಟೆ ಬೆಲೆಯ ಮೇಲಲ್ಲ, ಡಿವಿಡೆಂಡಿನ ಮೊತ್ತದ ಮೇಲೂ ಅಲ್ಲ. ಷೇರಿನ ಮುಖಬೆಲೆಯ ಮೇಲೆ. ಮುಖಬೆಲೆ ಆಗ 10 ರೂಪಾಯಿ, ಹಾಗಾಗಿ ಒಂದು ಷೇರಿಗೆ 50 ಪೈಸೆ ಜಾಸ್ತಿ. 2011ರಲ್ಲಿ ಒಂದೊಂದು ಷೇರನ್ನೂ ಐದು ಮಾಡಿದರು, ಮುಖಬೆಲೆ 2 ರೂಪಾಯಿಗೆ ಇಳಿಯಿತು. ಅಲ್ಲಿಂದ ಜಾಸ್ತಿ ಬರುವುದು ಷೇರಿಗೆ 10 ಪೈಸೆ. 2023ರಲ್ಲಿ ಸಾಮಾನ್ಯ ಷೇರಿಗೆ 2 ರೂಪಾಯಿ ಕೊಟ್ಟರು, ಡಿವಿಆರ್‌ಗೆ 2 ರೂಪಾಯಿ 10 ಪೈಸೆ. ಶೆಟ್ರ ಸಾವಿರ ಷೇರಿಗೆ ವೋಟು ಬಿಟ್ಟುಕೊಟ್ಟ ಬಾಬ್ತು ಸಿಕ್ಕಿದ್ದು ಆ ವರ್ಷ ನೂರು ರೂಪಾಯಿ. ಅವರ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ.

ಅದೂ ಡಿವಿಡೆಂಡ್ ಘೋಷಿಸಿದ ವರ್ಷಕ್ಕೆ ಮಾತ್ರ. 2016ರಲ್ಲಿ ಸಾಮಾನ್ಯ ಷೇರಿಗೆ ಇಪ್ಪತ್ತು ಪೈಸೆ, ಡಿವಿಆರ್‌ಗೆ ಮೂವತ್ತು ಪೈಸೆ ಕೊಟ್ಟ ಮೇಲೆ 2023ರವರೆಗೆ ಕಂಪನಿ ಏನನ್ನೂ ಕೊಡಲಿಲ್ಲ. ಆ ವರ್ಷಗಳಲ್ಲಿ ಡಿವಿಆರ್ ಹಿಡಿದವರಿಗೆ ವೋಟೂ ಇಲ್ಲ, ಜಾಸ್ತಿ ದುಡ್ಡೂ ಇಲ್ಲ. ಹಾಗಾಗಿ ಇಂಥ ಷೇರು ನೋಡುವಾಗ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಜಾಸ್ತಿ ಅನ್ನುವುದು ಯಾವುದರ ಮೇಲೆ? ಡಿವಿಡೆಂಡ್ ಇಲ್ಲದ ವರ್ಷ ಅದು ಮುಂದಿನ ವರ್ಷಕ್ಕೆ ಸೇರಿಕೊಳ್ಳುತ್ತದೋ, ಸುಮ್ನೆ ಹೋಗುತ್ತದೋ?

ಬಿಟ್ಟುಕೊಟ್ಟ ವೋಟು ಯಾರ ಕೈ ಸೇರಿತು?

ಬಿಎಸ್‌ಇ ಜಾಲತಾಣದಲ್ಲಿ ಯಾವುದೇ ಕಂಪನಿಯ ಪುಟ ತೆರೆದರೂ Shareholding Pattern ಅಂತ ಒಂದು ಪಟ್ಟಿ ಇರುತ್ತದೆ. ಮೂರು ತಿಂಗಳಿಗೊಮ್ಮೆ ಹೊಸದು ಬರುತ್ತದೆ. ಹೆಚ್ಚಿನವರು ಅದರಲ್ಲಿ ಪ್ರಮೋಟರ್, ಅಂದರೆ ಕಂಪನಿಯ ಹಿಡಿತ ಇರುವವರ ಪಾಲು, ಶೇಕಡಾ ಎಷ್ಟು ಅಂತ ನೋಡಿ ಮುಚ್ಚುತ್ತಾರೆ. ಬಲಕ್ಕೆ ಸರಿಸಿದರೆ ವೋಟಿನ ಕಾಲಂ ಬೇರೆಯೇ ಇದೆ. ಎರಡು ವರ್ಗದ ಷೇರಿದ್ದರೆ ಅಲ್ಲಿ Class X, Class Y ಅಂತ ಎರಡಾಗಿ ತೋರಿಸಲು ಜಾಗವಿದೆ. ಷೇರಿನ ಲೆಕ್ಕ ಒಂದು ಹೇಳಿ ವೋಟಿನ ಲೆಕ್ಕ ಇನ್ನೊಂದು ಹೇಳಿದರೆ, ನೋಡಬೇಕಾದದ್ದು ಆ ಎರಡರ ನಡುವಿನ ಅಂತರ.

ಟಾಟಾ ಮೋಟರ್ಸ್‌ನದ್ದೇ ಲೆಕ್ಕ ಮಾಡೋಣ. ಡಿವಿಆರ್ ರದ್ದಾಗುವ ಹೊತ್ತಿಗೆ ಸಾಮಾನ್ಯ ಷೇರು ಸುಮಾರು 332 ಕೋಟಿ ಇತ್ತು, ಡಿವಿಆರ್ ಸುಮಾರು 51 ಕೋಟಿ. ಒಟ್ಟು 383 ಕೋಟಿ. ಅಂದರೆ ಕಂಪನಿಯ ದುಡ್ಡಿನಲ್ಲಿ ಡಿವಿಆರ್‌ನವರ ಪಾಲು 13% ಚಿಲ್ಲರೆ. ವೋಟಿಗೆ ಬಂದಾಗ 51 ಕೋಟಿ ಷೇರು 5.1 ಕೋಟಿ ವೋಟಾಗುತ್ತದೆ. ಒಟ್ಟು 337 ಕೋಟಿ ವೋಟಿನಲ್ಲಿ ಅದು ಬರೀ ಒಂದೂವರೆ ಶೇಕಡಾ.

ಈಗ ಟಾಟಾದವರ ಕಡೆ ನೋಡಿ. ಸಾಮಾನ್ಯ ಷೇರಿನಲ್ಲಿ ಪ್ರಮೋಟರ್ ಪಾಲು 46% ದಾಟಿತ್ತು, ಡಿವಿಆರ್‌ನಲ್ಲಿ ನೂರಕ್ಕೆ ಏಳೆಂಟು ಅಷ್ಟೇ. ಎರಡನ್ನೂ ಸೇರಿಸಿದರೆ ದುಡ್ಡಿನಲ್ಲಿ ಅವರ ಪಾಲು 41% ಆಸುಪಾಸು, ವೋಟಿನಲ್ಲಿ 46% ಆಸುಪಾಸು. ಬೇರೆಯವರು ಹಾಕಿದ ದುಡ್ಡು ಕಂಪನಿಗೆ ಬಂತು, ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಐದು ಪಾಯಿಂಟು ಅಷ್ಟು ದೊಡ್ಡದಾ? ಅದನ್ನು ನಿರ್ಧರಿಸುವುದು ಕಾನೂನಿನ ಗೆರೆಗಳು. ಸಾಮಾನ್ಯ ನಿರ್ಣಯಕ್ಕೆ ಚಲಾವಣೆಯಾದ ವೋಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ವಿಶೇಷ ನಿರ್ಣಯಕ್ಕೆ ವಿರೋಧದ ಮೂರರಷ್ಟು, ಅಂದರೆ ಮುಕ್ಕಾಲು ಪಾಲು ಬೇಕು. "ಚಲಾವಣೆಯಾದ" ಅನ್ನುವ ಪದದಲ್ಲೇ ಗುಟ್ಟಿದೆ. ಶೆಟ್ರಿಗೆ ಇ-ವೋಟಿಂಗ್ ಇಮೇಲ್ ಪ್ರತಿ ವರ್ಷ ಬರುತ್ತದೆ, ಒಮ್ಮೆಯೂ ತೆರೆದಿಲ್ಲ. ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ. ನೂರರಲ್ಲಿ 80 ವೋಟು ಬಿತ್ತು ಅಂತಿಟ್ಟುಕೊಳ್ಳಿ. 46 ಕೈಯಲ್ಲಿದ್ದವರಿಗೆ ಅದು 57 ಚಿಲ್ಲರೆ ಶೇಕಡಾ ಆಗುತ್ತದೆ, ಗೆದ್ದರು. 41 ಕೈಯಲ್ಲಿದ್ದರೆ 51 ಚಿಲ್ಲರೆ, ತುದಿಯಲ್ಲಿ ನಿಂತ ಹಾಗೆ. 25% ಮೇಲೆ ಯಾರಿಗಿದ್ದರೂ ವಿಶೇಷ ನಿರ್ಣಯವನ್ನು ಅವರು ತಡೆಯಬಹುದು. ಆದ್ದರಿಂದ ಪ್ರಮೋಟರ್ ವೋಟು 25, 50, 75ರ ಗೆರೆಗೆ ಎಷ್ಟು ಹತ್ತಿರ ಅಂತ ನೋಡಿ. 60ರಿಂದ 65ಕ್ಕೆ ಹೋದರೆ ಆಡಳಿತದಲ್ಲಿ ಏನೂ ಬದಲಾಗುವುದಿಲ್ಲ. 41ರಿಂದ 46ಕ್ಕೆ ಹೋದರೆ ಬದಲಾಗುತ್ತದೆ.

ಇನ್ನೊಂದು ವಿಷಯ. ಈ ಪಟ್ಟಿಯಲ್ಲಿ ಪ್ರಮೋಟರ್ ಅಂತ ಇರುವ ಹೆಸರು ಕೊನೆಯ ಹೆಸರಲ್ಲ. ಟಾಟಾ ಮೋಟರ್ಸ್‌ನಲ್ಲಿ ಮುಖ್ಯ ಪ್ರಮೋಟರ್ ಟಾಟಾ ಸನ್ಸ್. ಟಾಟಾ ಸನ್ಸ್‌ನಲ್ಲಿ ಮೂರನೇ ಎರಡು ಪಾಲು ಟಾಟಾ ಟ್ರಸ್ಟುಗಳದ್ದು. ಶಾಪೂರ್ಜಿ ಪಲ್ಲೋನ್ಜಿ ಮನೆತನದ್ದು 18% ಚಿಲ್ಲರೆ. ಅಷ್ಟು ದೊಡ್ಡ ಪಾಲಿದ್ದೂ ಸೈರಸ್ ಮಿಸ್ತ್ರಿ 2016ರಲ್ಲಿ ಅಧ್ಯಕ್ಷ ಸ್ಥಾನ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಅಲ್ಲಿ ಕಂಪನಿಯ ನಿಯಮಾವಳಿಯೇ ಟ್ರಸ್ಟುಗಳು ಕಳಿಸಿದ ನಿರ್ದೇಶಕರಿಗೆ ಬೇರೆ ಅಧಿಕಾರ ಕೊಟ್ಟಿದೆ. 2021ರಲ್ಲಿ ಸುಪ್ರೀಂ ಕೋರ್ಟು ಟಾಟಾ ಕಡೆಯೇ ತೀರ್ಪು ಕೊಟ್ಟಿತು. ಷೇರಿನ ವರ್ಗ ನೋಡಿದ ಮೇಲೆ ನಿಯಮಾವಳಿಯನ್ನೂ ನೋಡಬೇಕು ಅನ್ನುವುದು ಅದಕ್ಕೇ.

ಹಾಗಾದರೆ ಅಷ್ಟು ಅಗ್ಗ ಯಾಕೆ ಇತ್ತು?

ಬಿಡುಗಡೆಯಾದಾಗ ಎರಡು ಷೇರಿನ ಬೆಲೆಯ ಅಂತರ 35 ರೂಪಾಯಿ, ಅಂದರೆ 10%. 2023ರ ಜುಲೈ ಹೊತ್ತಿಗೆ ಸಾಮಾನ್ಯ ಷೇರು 640ರ ಸುಮಾರು, ಡಿವಿಆರ್ 370ರ ಸುಮಾರು. ನೂರಕ್ಕೆ ನಲವತ್ತಕ್ಕೂ ಜಾಸ್ತಿ ಅಗ್ಗ. ವೋಟಿಗೆ ಅಷ್ಟು ಬೆಲೆ ಇದೆಯಾ? ಒಂದೂ ವೋಟು ಹಾಕದ ಶೆಟ್ರಿಗೆ 270 ರೂಪಾಯಿ ಬಾಳುವ ವೋಟು ಯಾಕೆ ಬೇಕು?

ನನ್ನ ಮಟ್ಟಿಗೆ ಅದು ವೋಟಿನ ಬೆಲೆಯೇ ಅಲ್ಲ. ಎರಡು ಷೇರಿನ ನಡುವೆ ಸೇತುವೆ ಇರಲಿಲ್ಲ. ಡಿವಿಆರ್ ಕೊಟ್ಟು ಸಾಮಾನ್ಯ ಷೇರು ತಗೊಳ್ಳುವ ಹಕ್ಕು ಯಾರಿಗೂ ಇರಲಿಲ್ಲ. ಹಾಗಾಗಿ ಅಂತರ ಎಷ್ಟು ಬೇಕಾದರೂ ಬೆಳೆಯಬಹುದಿತ್ತು, ಬೆಳೆಯಿತು. ಇದರ ಪಕ್ಕ ಅಮೆರಿಕದ ಬರ್ಕ್‌ಶೈರ್ ಹಾಥವೇ ಇಟ್ಟು ನೋಡಿ. ಅಲ್ಲಿ ಒಂದು 'ಎ' ಷೇರನ್ನು ಯಾವತ್ತು ಬೇಕಾದರೂ 1,500 'ಬಿ' ಷೇರಾಗಿ ಬದಲಾಯಿಸಬಹುದು. ತಿರುಗಿ ಆಗುವುದಿಲ್ಲ, ಒಂದೇ ದಿಕ್ಕು. ಆದರೂ ಆ ಒಂದು ಬಾಗಿಲೇ ಎರಡು ಬೆಲೆಯನ್ನೂ ಹತ್ತಿರ ಹಿಡಿದಿಟ್ಟಿದೆ. 'ಬಿ' ಷೇರಿಗೆ ಸಿಗುವ ವೋಟು 'ಎ' ಷೇರಿನ ಹತ್ತು ಸಾವಿರದಲ್ಲಿ ಒಂದು. ವೋಟು ಅಷ್ಟು ಕಡಿಮೆ ಇದ್ದರೂ ಬೆಲೆ ನಲವತ್ತು ಶೇಕಡಾ ಕುಸಿದಿಲ್ಲ.

ನಮ್ಮಲ್ಲಿ ಡಿವಿಆರ್ ಬೆಳೆಯದೇ ಉಳಿದದ್ದೂ ಒಂದು ಕಾರಣ. 2008ರ ಸುಮಾರಿಗೆ ಪ್ಯಾಂಟಲೂನ್ ರಿಟೇಲ್ ಥರದ ಒಂದೆರಡು ಕಂಪನಿ ತಂದವು, 2011ರಲ್ಲಿ ಜಳಗಾಂವಿನ ಜೈನ್ ಇರಿಗೇಶನ್ ಬೋನಸ್ ಆಗಿ ಕೊಟ್ಟಿತು. ಅಷ್ಟೇ. ಕೊಳ್ಳುವವರು, ಮಾರುವವರು ಕಡಿಮೆ, ವಿಶ್ಲೇಷಣೆ ಬರೆಯುವವರೂ ಕಡಿಮೆ. (ತಮಾಷೆ ಅಂದರೆ ಟಾಟಾ ಡಿವಿಆರ್ 2016ರಲ್ಲಿ ನಿಫ್ಟಿಗೂ ಸೇರಿತ್ತು. ಒಂದೂವರೆ ವರ್ಷ ನಿಫ್ಟಿ 50ರಲ್ಲಿ 51 ಷೇರು!)

ರದ್ದಾದಾಗ ಯಾರಿಗೆ ಏನು ಸಿಕ್ಕಿತು

2023ರ ಜುಲೈಯಲ್ಲಿ ಕಂಪನಿ ಹೇಳಿತು: ಹತ್ತು ಡಿವಿಆರ್ ಕೊಟ್ಟರೆ ಏಳು ಸಾಮಾನ್ಯ ಷೇರು. ಇದಕ್ಕೆ ಎರಡೂ ವರ್ಗದವರು ಬೇರೆ ಬೇರೆ ಸಭೆಯಲ್ಲಿ ಒಪ್ಪಬೇಕಿತ್ತು. ಡಿವಿಆರ್‌ನವರ ಮಾತಿಗೆ ಪೂರ್ತಿ ತೂಕ ಸಿಗುವ ಒಂದೇ ಜಾಗ ಇದು. ತಮ್ಮ ಹಕ್ಕಿಗೆ ಕೈ ಹಾಕುವಾಗ ಆ ವರ್ಗದಲ್ಲಿ ಮೌಲ್ಯದ ಮುಕ್ಕಾಲು ಪಾಲು ಒಪ್ಪಬೇಕು, ಆ ವರ್ಗದಲ್ಲಿ ಟಾಟಾದವರಿಗೆ ಇದ್ದದ್ದು ಏಳೆಂಟು ಶೇಕಡಾ. ಒಪ್ಪಿದರು. ಕಂಪನಿ ವ್ಯಾಜ್ಯ ನೋಡುವ ನ್ಯಾಯಮಂಡಳಿ, ಮುಂಬೈಯ ಎನ್‌ಸಿಎಲ್‌ಟಿಯ ಆದೇಶ ಬಂತು. 2024ರ ಸೆಪ್ಟೆಂಬರ್ 1ಕ್ಕೆ ಡಿವಿಆರ್ ಮುಗಿಯಿತು.

ಬಿಲ್ಲಿನ ಹಿಂದಿನ ಲೆಕ್ಕ ಹೀಗಿತ್ತು. 51 ಕೋಟಿ ಡಿವಿಆರ್ ಹೋಗಿ 35.6 ಕೋಟಿ ಹೊಸ ಷೇರು ಬಂತು. ಒಟ್ಟು ಷೇರು 383 ಕೋಟಿಯಿಂದ 368 ಕೋಟಿಗೆ ಇಳಿಯಿತು. ಡಿವಿಆರ್‌ನವರ ದುಡ್ಡಿನ ಪಾಲು 13 ಚಿಲ್ಲರೆಯಿಂದ 9.7ಕ್ಕೆ ಇಳಿದರೆ, ವೋಟಿನ ಪಾಲು 1.5ರಿಂದ 9.7ಕ್ಕೆ ಏರಿತು. ಟಾಟಾದವರದ್ದು ಉಲ್ಟಾ: ವೋಟು 46ರ ಹತ್ತಿರದಿಂದ 42.6ಕ್ಕೆ ಇಳಿಯಿತು, ದುಡ್ಡು 41ರಿಂದ 42.6ಕ್ಕೆ ಏರಿತು. ಹಿಡಿತ ಸ್ವಲ್ಪ ಸಡಿಲಿಸಿ ಲಾಭದ ಪಾಲು ತಗೊಂಡರು. ಸುಮ್ನೆ ಕೂತಿದ್ದ ಉಳಿದ ಸಾಮಾನ್ಯ ಷೇರುದಾರರಿಗೂ ಷೇರು ಸುಮಾರು 4% ಕಡಿಮೆಯಾದ ಲಾಭ ಸಿಕ್ಕಿತು.

ಹಾಗಾದರೆ ಡಿವಿಆರ್ ಕೊಂಡವರು ಗೆದ್ದರೋ, ಸೋತರೋ? ಯಾವಾಗ ಕೊಂಡರು ಅನ್ನುವುದರ ಮೇಲೆ. 2008ರಲ್ಲಿ 34,000 ರೂಪಾಯಿಗೆ 100 ಸಾಮಾನ್ಯ ಷೇರು ಕೊಂಡವರ ಹತ್ತಿರ 2011ರ ನಂತರ 500 ಷೇರಾಯಿತು. ಅದೇ ದುಡ್ಡಿಗೆ ಡಿವಿಆರ್ ಕೊಂಡಿದ್ದರೆ 111 ಚಿಲ್ಲರೆ ಬರುತ್ತಿತ್ತು, ಅದು 557 ಆಗಿ, ಕೊನೆಗೆ ಹತ್ತಕ್ಕೆ ಏಳರ ಲೆಕ್ಕದಲ್ಲಿ 390 ಸಾಮಾನ್ಯ ಷೇರು. 110 ಷೇರು ಕಡಿಮೆ. ಆಗ ಷೇರಿನ ಬೆಲೆ ಸಾವಿರದ ಮೇಲಿತ್ತು, ಅಂದರೆ ಲಕ್ಷ ದಾಟಿದ ನಷ್ಟ. ಡಿವಿಡೆಂಡ್ ಬಂದ ವರ್ಷ ಮಾತ್ರ ಸಿಕ್ಕ 55 ರೂಪಾಯಿ ಅದನ್ನು ಎಲ್ಲಿ ತುಂಬೀತು?

2023ರಲ್ಲಿ 370ಕ್ಕೆ ಕೊಂಡವರ ಕಥೆ ಬೇರೆ. ಒಂದು ಡಿವಿಆರ್‌ಗೆ 0.7 ಷೇರು ಸಿಕ್ಕರೆ, ಸಾವಿರದ ನೂರರ ಬೆಲೆಯಲ್ಲಿ 770 ರೂಪಾಯಿ, ಎರಡರಷ್ಟಕ್ಕೂ ಮೇಲೆ. 640ಕ್ಕೆ ಸಾಮಾನ್ಯ ಷೇರು ಕೊಂಡವರಿಗೆ ಒಂದೂ ಮುಕ್ಕಾಲರಷ್ಟೂ ಆಗಲಿಲ್ಲ. ಶೆಟ್ರು 2023ರಲ್ಲಿ ಡಿವಿಆರ್ ಕೊಂಡ ಗುಂಪಿನವರು. ಕಣ್ಣಿಗೆ ಕಾಣುವ ಷೇರಿನ ಸಂಖ್ಯೆ ಕಡಿಮೆಯಾಗಿತ್ತು, ದುಡ್ಡು ಬೆಳೆದಿತ್ತು.

ಮತ್ತೆ 700 ಬರಬೇಕಾದಲ್ಲಿ ಆರುನೂರ ಚಿಲ್ಲರೆ ಯಾಕೆ? ತೆರಿಗೆ. ಷೇರು ರದ್ದು ಮಾಡಿ ಬದಲಿ ಕೊಟ್ಟಾಗ, ಕಂಪನಿಯಲ್ಲಿ ಕೂಡಿಟ್ಟ ಲಾಭದ ಮಟ್ಟಿಗೆ ಅದನ್ನು ಡಿವಿಡೆಂಡ್ ಅಂತಲೇ ಲೆಕ್ಕ ಹಿಡಿಯುತ್ತಾರೆ. ಅದರ ಮೇಲೆ ಮೂಲದಲ್ಲೇ ತೆರಿಗೆ ಕಡಿಯಬೇಕು. ಕೈಗೆ ನಗದು ಬರದ ವ್ಯವಹಾರ ಆದ್ದರಿಂದ, ಈ ಬದಲಾವಣೆಗೆಂದೇ ಮಾಡಿದ್ದ ಒಂದು ಟ್ರಸ್ಟು ಒಂದಿಷ್ಟು ಷೇರು ಮಾರಿ ತೆರಿಗೆ ಕಟ್ಟಿ ಉಳಿದದ್ದನ್ನು ಖಾತೆಗೆ ಹಾಕಿತು. ಶೆಟ್ರ ದಲ್ಲಾಳಿ ಕಚೇರಿಯವರು ಇದನ್ನು ಒಂದು ಸಾಲಿನಲ್ಲಿ ತಿಳಿಸಿದ್ದರೂ ಸಾಕಿತ್ತು, ತಿಳಿಸಲಿಲ್ಲ. ಮೇಲಿನ ಸ್ಲ್ಯಾಬಿನಲ್ಲಿ ಇದ್ದವರು ರಿಟರ್ನ್ಸ್ ಸಲ್ಲಿಸುವಾಗ ಇನ್ನೂ ಸ್ವಲ್ಪ ಕಟ್ಟಬೇಕಾಯಿತು. ಡಿವಿಆರ್ ಅಗ್ಗ ಇದೆ, ಒಂದು ದಿನ ಬದಲಾಯಿಸಿ ಕೊಡುತ್ತಾರೆ ಅಂತ ಕಾಯುವವರು ಈ ಖರ್ಚನ್ನೂ ಹಿಡಿದು ಲೆಕ್ಕ ಹಾಕಬೇಕು.

ಮಾಲೀಕನಿಗೇ ಹತ್ತು ವೋಟಿದ್ದರೆ

ಇದು ತಿರುವುಮುರುವು. ನಿಮ್ಮ ಷೇರಿಗೆ ಒಂದೇ ವೋಟು, ಆದರೆ ಕಂಪನಿ ಕಟ್ಟಿದವರ ಷೇರಿಗೆ ಹತ್ತು. ಪಟ್ಟಿಯಾದ ಕಂಪನಿಗಳು ಹೆಚ್ಚು ವೋಟಿನ ಷೇರು ತರುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ 2009ರಲ್ಲಿ ನಿಲ್ಲಿಸಿತು. 2019ರಲ್ಲಿ ತಂತ್ರಜ್ಞಾನದ ಹೊಸ ಕಂಪನಿಗಳಿಗೆ ಮಾತ್ರ, ಕೆಲವು ಷರತ್ತಿನ ಮೇಲೆ, ಕಿಟಕಿ ತೆರೆಯಿತು. ಒಂದು ಷೇರಿಗೆ ಎರಡರಿಂದ ಹತ್ತು ವೋಟಿನವರೆಗೆ ಕೊಡಬಹುದು. ಕಂಪನಿ ನಡೆಸುತ್ತಿರುವ ಸ್ಥಾಪಕರಿಗೆ ಮಾತ್ರ. ಒಟ್ಟು ವೋಟಿನಲ್ಲಿ ಅವರದ್ದು 74% ದಾಟಬಾರದು.

ಒಂದು ಲೆಕ್ಕ. ಒಟ್ಟು 100 ಲಕ್ಷ ಷೇರು, ಅದರಲ್ಲಿ ಸ್ಥಾಪಕರದ್ದು 10 ಲಕ್ಷ, ಹತ್ತು ವೋಟಿನದ್ದು. ಅವರಿಗೆ 100 ಲಕ್ಷ ವೋಟು, ಉಳಿದವರೆಲ್ಲರಿಗೆ 90 ಲಕ್ಷ. ದುಡ್ಡು 10%, ವೋಟು 52% ಚಿಲ್ಲರೆ. ಕಂಪನಿ ಮುಳುಗಿದರೆ ನೂರರಲ್ಲಿ ಹತ್ತು ರೂಪಾಯಿ ಅವರದ್ದು, ತೊಂಬತ್ತು ಬೇರೆಯವರದ್ದು. ಟಾಟಾದಲ್ಲಿ 41ಕ್ಕೆ 46 ಇತ್ತು, ಇಲ್ಲಿ 10ಕ್ಕೆ 52. ಇಂಥ ಕಂಪನಿಯಲ್ಲಿ ನಾನಾದರೆ ಎರಡು ಮಾತು ಕೇಳುತ್ತೇನೆ. ಹತ್ತು ವೋಟು ಎಷ್ಟು ವರ್ಷಕ್ಕೆ? ಸೆಬಿ ಹೇಳುವುದು ಪಟ್ಟಿಯಾದ ಮೇಲೆ ಐದು ವರ್ಷ, ಇನ್ನೊಂದು ಐದು ವರ್ಷಕ್ಕೆ ಬೇಕಾದರೆ ಉಳಿದ ಷೇರುದಾರರೇ ಒಪ್ಪಬೇಕು, ಸ್ಥಾಪಕರು ಅದರಲ್ಲಿ ವೋಟು ಹಾಕುವಂತಿಲ್ಲ. ಎರಡನೆಯದು, ಯಾವ ವಿಷಯಕ್ಕೆ ಅವರದ್ದೂ ಒಂದೇ ವೋಟಾಗುತ್ತದೆ? ತಮ್ಮವರ ಜೊತೆಗಿನ ದೊಡ್ಡ ವ್ಯವಹಾರ, ಲೆಕ್ಕ ಪರಿಶೋಧಕರ ನೇಮಕ ಮುಂತಾದವು ಆ ಪಟ್ಟಿಯಲ್ಲಿವೆ. ಹೊಸ ಷೇರಿಗೆ ಅರ್ಜಿ ಹಾಕುವ ಮೊದಲು ಪ್ರಾಸ್ಪೆಕ್ಟಸ್‌ನಲ್ಲಿ Capital Structure ಅಧ್ಯಾಯ ಮತ್ತು ನಿಯಮಾವಳಿಯ ಸಾರ ಇರುವ ಪುಟಗಳನ್ನು ತೆರೆಯಿರಿ. ಉಳಿದ ನಾನೂರು ಪುಟ ಆಮೇಲೆ.

ಫೋನಿನಲ್ಲಿ ಅಮೆರಿಕದ ಷೇರು ಕೊಳ್ಳುವ ಹುಡುಗರು ನನ್ನನ್ನು ಕೇಳುವುದು ಗೂಗಲ್‌ನ ಎರಡು ಷೇರಿನಲ್ಲಿ GOOG ತಗೊಳ್ಳಲಾ, GOOGL ತಗೊಳ್ಳಲಾ ಅಂತ. ಮೊದಲನೆಯದಕ್ಕೆ ವೋಟಿಲ್ಲ, ಎರಡನೆಯದಕ್ಕೆ ಒಂದು ವೋಟಿದೆ. ಆದರೆ ಹತ್ತು ವೋಟಿನ ಷೇರು ಸ್ಥಾಪಕರಿಬ್ಬರ ಕೈಯಲ್ಲಿದ್ದು ಬಹುಮತ ಅವರದ್ದೇ. ಹಾಗಾಗಿ ನಿಮ್ಮ ಒಂದು ವೋಟಿಗೆ ಪೇಟೆ ಹೆಚ್ಚು ಕಡಿಮೆ ಏನೂ ಕೊಡುವುದಿಲ್ಲ, ಎರಡರ ಬೆಲೆ ಅಕ್ಕಪಕ್ಕ ಓಡಾಡುತ್ತದೆ. ಆವತ್ತು ಯಾವುದು ಅಗ್ಗವೋ ಅದನ್ನು ತಗೊಳ್ಳಿ ಅನ್ನುತ್ತೇನೆ.

ಡಿವಿಡೆಂಡೇ ಮುಖ್ಯ, ವೋಟು ಬೇಡ ಅನ್ನುವವರಿಗೆ ಪ್ರೆಫರೆನ್ಸ್ ಷೇರು ಬೇರೆಯೇ ಇದೆ. ಇಷ್ಟು ಶೇಕಡಾ ಅಂತ ಮೊದಲೇ ಬರೆದಿರುತ್ತದೆ, ಸಾಮಾನ್ಯ ಷೇರಿಗಿಂತ ಮೊದಲು ಸಿಗುತ್ತದೆ. ಕಂಪನಿ ಬೆಳೆದರೂ ನಿಮ್ಮ ಪಾಲು ಬೆಳೆಯುವುದಿಲ್ಲ, ಅದು ಸಾಲಕ್ಕೇ ಹತ್ತಿರ. ಅದರಲ್ಲಿ ಒಂದು ಒಳ್ಳೆಯ ನಿಯಮ ಇದೆ: ಎರಡು ವರ್ಷ ಡಿವಿಡೆಂಡ್ ಕೊಡದಿದ್ದರೆ ಎಲ್ಲ ನಿರ್ಣಯಕ್ಕೂ ಅವರಿಗೆ ವೋಟು ಬರುತ್ತದೆ. ಟಾಟಾ ಡಿವಿಆರ್‌ನವರಿಗೆ ಅಷ್ಟು ವರ್ಷ ಡಿವಿಡೆಂಡ್ ಬಾರದಾಗ ಇಂಥದ್ದೇನೂ ಇರಲಿಲ್ಲ.

ಶೆಟ್ರು ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡರು. "ಈಗ ಜೈನ್ ಇರಿಗೇಶನ್ ಡಿವಿಆರ್ ತಗೊಂಡರೆ ಹೇಗೆ? ಅದೂ ಅಗ್ಗ ಉಂಟಲ್ಲ." ಅಂತರ ಎಷ್ಟಿದೆ, ಡಿವಿಡೆಂಡ್ ಯಾವಾಗ ಕೊಟ್ಟಿದ್ದಾರೆ, ಬದಲಾಯಿಸಿ ಕೊಡುತ್ತೇವೆ ಅಂತ ಕಂಪನಿ ಬರೆದು ಹೇಳಿದೆಯಾ, ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತದೆ, ಈ ನಾಲ್ಕು ಬರೆದುಕೊಂಡು ಬನ್ನಿ ಅಂದೆ. ಮೂರನೆಯದಕ್ಕೆ ಇಲ್ಲ ಅಂತಿದ್ದರೆ ನಾನು ಮುಟ್ಟುವುದಿಲ್ಲ. ಮುಂದಿನ ಭಾನುವಾರ ಬರುತ್ತೇನೆ ಅಂತ ಹೇಳಿ ಎದ್ದೆ. ಕಾಫಿಯ ದುಡ್ಡು ತಗೊಳ್ಳಲಿಲ್ಲ ಅವರು.